ಹೆಬ್ಬೆರಳಿನ ಕೆಳಗಿನ ನಂಬರು

ನಾನು ಹುಟ್ಟು ಪುಕ್ಕಲಿ. ಪ್ರಿನ್ಸಿಪಾಲರ ಕೋಣೆಯ ಗಂಟೆ ಬಾರಿಸಿದರೆ ಅದು ಟೀ ತರುವವರಿಗೆ, ನನಗಲ್ಲ ಎಂದು ಗೊತ್ತಿದ್ದರೂ ಎದೆ ಒಮ್ಮೆ ಧಸಕ್ಕೆನ್ನುತ್ತಿತ್ತು. ಶಿವಮೊಗ್ಗದ ಒಂದು ಖಾಸಗಿ ಕಾಲೇಜಿನ ಲೈಬ್ರರಿಯಲ್ಲಿ ಆಗ ನಾನು ತಾತ್ಕಾಲಿಕ ನೌಕರಳು. ಪ್ರತಿ ಜೂನಿನಲ್ಲಿ ಆಡಳಿತ ಮಂಡಳಿಯವರು ಇನ್ನೊಂದು ವರ್ಷದ ಆರ್ಡರು ಕೈಗಿಡುವವರೆಗೆ ಅನ್ನ ಸೇರುತ್ತಿರಲಿಲ್ಲ. ಗಂಡ ಬೆನ್ನಿನ ಆಪರೇಷನ್ ಆಗಿ ಮನೆಯಲ್ಲಿದ್ದರು. ರವೀಂದ್ರನಗರದ ಬಾಡಿಗೆ ಮನೆಯ ಒಲೆ ಉರಿಯುತ್ತಿದ್ದುದು ನನ್ನ ಸಂಬಳದಲ್ಲಿ.

ಆ ವರ್ಷ ಕಾಲೇಜಿಗೆ ತಪಾಸಣಾ ಸಮಿತಿ ಬರುವುದಿತ್ತು. ಪ್ರಿನ್ಸಿಪಾಲರು ಕರೆಸಿ, ಪುಸ್ತಕಗಳ ಪಟ್ಟಿ ಕಂಪ್ಯೂಟರಿನಲ್ಲಿ ಇರಲೇಬೇಕು ಎಂದರು. ಸಮಿತಿಯವರು ಯಾವುದೋ ಒಂದು ಪುಸ್ತಕ ಹುಡುಕಿಸುತ್ತಾರೆ, ನಂಬರು ನೋಡಿ ಕಪಾಟಿನಿಂದ ತಂದು ಕೊಡಬೇಕು. ಕೊಟ್ಟರೆ ನಿಮ್ಮ ಪರ್ಮನೆಂಟಿನ ಮಾತು ಮಂಡಳಿಯ ಮುಂದೆ ಎತ್ತುತ್ತೇನೆ, ಮಾನ ಹೋದರೆ ಜೂನಿಗೆ ಬೇರೆಯವರನ್ನು ನೋಡುತ್ತೇವೆ ಎಂದು ನಗುನಗುತ್ತಲೇ ಹೇಳಿದರು. ಆ ಮನುಷ್ಯ ನಕ್ಕಾಗಲೇ ನನಗೆ ಹೆಚ್ಚು ಭಯ.

ಲೈಬ್ರರಿಯಲ್ಲಿದ್ದುದು ಮರದ ಡ್ರಾಯರುಗಳ ಹಳೆಯ ಕಾರ್ಡು ಪೆಟ್ಟಿಗೆ. ಅದನ್ನು ಮಂಡಳಿಯವರು ಭದ್ರಾವತಿಯಲ್ಲಿದ್ದ ತಮ್ಮದೇ ಹೈಸ್ಕೂಲಿಗೆ ಕೊಡುವುದೆಂದು ಆಗಲೇ ಮಾತು ಕೊಟ್ಟುಬಿಟ್ಟಿದ್ದರು. ಅದಿದ್ದ ಜಾಗದಲ್ಲಿ ಕಂಪ್ಯೂಟರು ಕೂರಬೇಕಿತ್ತು. ಲಾರಿ ಬರುವಷ್ಟರಲ್ಲಿ ಕಾರ್ಡುಗಳಲ್ಲಿದ್ದುದನ್ನೆಲ್ಲ ಕೂತು ಟೈಪು ಮಾಡುವುದು ಆಗದ ಮಾತು. ಫೋಟೋ ತೆಗೆದಿಟ್ಟುಕೊಂಡು ಆಮೇಲೆ ದುರ್ಗಿಗುಡಿಯ ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡಿಸುವುದು ಎಂದಾಯಿತು. ಮೇಷ್ಟ್ರೊಬ್ಬರ ಡಿಜಿಟಲ್ ಕ್ಯಾಮೆರಾ ಎರವಲು ಸಿಕ್ಕಿತು. ಒಂದೇ ಪುಸ್ತಕಕ್ಕೆ ಲೇಖಕರ ಹೆಸರಿನದೊಂದು, ಪುಸ್ತಕದ ಹೆಸರಿನದೊಂದು ಕಾರ್ಡು ಇರುತ್ತಿತ್ತು. ಎರಡನ್ನೂ ತೆಗೆದರೆ ಪಟ್ಟಿಯಲ್ಲಿ ಒಂದೊಂದು ಪುಸ್ತಕವೂ ಎರಡೆರಡು ಸಲ ಬರುತ್ತದೆಂದು ಲೇಖಕರ ಡ್ರಾಯರುಗಳನ್ನು ಮಾತ್ರ ಹಿಡಿದೆವು. ನಮ್ಮ ಅಟೆಂಡರು, ನನಗಿಂತ ಹಿರಿಯರು, ಕಾರ್ಡು ಒಂದೊಂದಾಗಿ ಮೇಜಿನ ಮೇಲಿಟ್ಟರು, ನಾನು ಕ್ಲಿಕ್ಕಿಸಿದೆ. ಒಂದು ಮಧ್ಯಾಹ್ನ ಮಾರ್ಚಿನ ಸೆಖೆ ತಾಳದೆ ಫ್ಯಾನು ಹಾಕಿದಾಗ ಕಾರ್ಡು ಹಾರತೊಡಗಿತು. ಅವರು ಮೂಲೆಯಲ್ಲಿ ಹೆಬ್ಬೆರಳೊತ್ತಿ ಹಿಡಿದುಕೊಂಡರು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅದೇನೂ ಗಮನಕ್ಕೆ ಬರಲಿಲ್ಲ. ಫೋಟೋಗಳನ್ನು ಸೀಡಿಗೆ ಹಾಕಿಸಿ ಅಂಗಡಿಗೆ ಕೊಟ್ಟೆ, ಪೆಟ್ಟಿಗೆ ಲಾರಿ ಹತ್ತಿತು.

ಟೈಪಾದ ಪಟ್ಟಿ ಬಂದಾಗ ನನಗೆ ಹಬ್ಬ. ಎಕ್ಸೆಲ್ ಹಾಳೆಯಲ್ಲಿ ಮೂರು ಕಾಲಂ: ಪುಸ್ತಕದ ಹೆಸರು, ಲೇಖಕರು, ಕಪಾಟಿನ ನಂಬರು. ನಮ್ಮಲ್ಲಿ ನಂಬರಿನ ಲೆಕ್ಕ ಸುಲಭ. ಕ7-212 ಎಂದರೆ ಕನ್ನಡ ವಿಭಾಗದ ಏಳನೇ ಕಪಾಟಿನ ಇನ್ನೂರ ಹನ್ನೆರಡನೇ ಪುಸ್ತಕ. ಒಂದು ಹೆಸರು ಹೊಡೆದು ಹುಡುಕಿದೆ, ತಟ್ಟನೆ ಬಂತು. ಕಪಾಟಿಗೆ ಹೋದೆ, ಪುಸ್ತಕವೂ ಅಲ್ಲೇ ಇತ್ತು. ಇನ್ನೊಂದು ನೋಡಿದೆ, ಅದೂ ಇತ್ತು. ಅಟೆಂಡರಿಗೆ ಕ್ಯಾಂಟೀನಿನಿಂದ ಮಂಡಕ್ಕಿ ತರಿಸಿ ತಿನ್ನಿಸಿದೆ.

ಮೂರನೆಯದು ಒಂದು ಅಡುಗೆ ಪುಸ್ತಕ. ನಂಬರು ಕ7-463. ಏಳನೇ ಕಪಾಟಿನಲ್ಲಿ ಮುನ್ನೂರು ಪುಸ್ತಕ ಹಿಡಿದರೆ ಹೆಚ್ಚು. ಟೈಪಿನ ತಪ್ಪಿರಬೇಕೆಂದು ಹಾಳೆಯಲ್ಲಿ ಮೇಲಿನ ಸಾಲು ನೋಡಿದೆ. ಯಾವುದೋ ರಾಜವಂಶದ ಇತಿಹಾಸ, ಕ7-462. ಅದರ ಮೇಲೆ ಕವನ ಸಂಕಲನ, ಕ7-461. ಕೆಳಗೆ ಹೋದರೆ 464, 465, 466. ಕಾರ್ಡುಗಳು ಇದ್ದದ್ದು ಲೇಖಕರ ಅಕಾರಾದಿಯಲ್ಲಿ. ಅಕ್ಕಪಕ್ಕದ ಎರಡು ಕಾರ್ಡುಗಳ ಪುಸ್ತಕ ಎಲ್ಲೆಲ್ಲೋ ಇರುತ್ತವೆ, ಒಂದು ಮೂರನೇ ಕಪಾಟಿನಲ್ಲಾದರೆ ಇನ್ನೊಂದು ಹತ್ತೊಂಬತ್ತರಲ್ಲಿ. ನಂಬರುಗಳು ಹಾಗೆ ಪೆರೇಡು ಹೋಗುವುದು ಸಾಧ್ಯವೇ ಇಲ್ಲ. ಸೀಡಿ ಹಾಕಿ ಆ ಡ್ರಾಯರಿನ ಫೋಟೋ ತೆರೆದೆ. ಲೇಖಕರ ಹೆಸರು ಸ್ಪಷ್ಟ, ಪುಸ್ತಕದ ಹೆಸರು ಸ್ಪಷ್ಟ, ಎಡಗಡೆ ಮೇಲಿನ ಮೂಲೆಯಲ್ಲಿ ನಂಬರು ಇರಬೇಕಾದಲ್ಲಿ ಅಟೆಂಡರ ಹೆಬ್ಬೆರಳು. ಮುಂದಿನ ಫೋಟೋದಲ್ಲೂ ಹೆಬ್ಬೆರಳು. ಅಯ್ಯೋ ಶಿವನೇ, ಪ ಇಂದ ಮ ವರೆಗಿನ ಎರಡು ಡ್ರಾಯರು ಪೂರ್ತಿ ಹೆಬ್ಬೆರಳು.

ರಿಜಿಸ್ಟರಿನಲ್ಲಿ ಇರಬಹುದೆಂದು ಓಡಿದೆ. ಪುಸ್ತಕ ಕೊಂಡಾಗ ಬರೆಯುವ ಆ ದೊಡ್ಡ ರಿಜಿಸ್ಟರಿನಲ್ಲಿ ಕಪಾಟಿನ ನಂಬರಿನ ಕಾಲಂ ಆಮೇಲೆ ಬರೆದರಾಯಿತೆಂದು ನನಗಿಂತ ಮೊದಲಿನವರು ಬಿಟ್ಟದ್ದು ಬಿಟ್ಟಂತೆಯೇ ಇತ್ತು. ಒಂದೊಂದೇ ಪುಸ್ತಕ ತೆಗೆದು ನೋಡೋಣವೆಂದರೆ ಇಪ್ಪತ್ತೆರಡು ಕಪಾಟು, ಬೆನ್ನಿನ ಚೀಟಿಗಳಲ್ಲಿ ಎಷ್ಟನ್ನೋ ಜಿರಲೆ ತಿಂದಿತ್ತು, ಸಮಿತಿ ಬರುವುದು ಮುಂದಿನ ವಾರ.

ಸಿಟ್ಟೆಲ್ಲ ಡಿಟಿಪಿ ಅಂಗಡಿಯ ಮೇಲೆ ತಿರುಗಿತು. ನನ್ನಂಥ ಪುಕ್ಕಲಿಗೆ ಸಿಟ್ಟು ಬರುವುದು ನನಗಿಂತ ಪುಕ್ಕಲರು ಸಿಕ್ಕಾಗ ಮಾತ್ರ. ಅಂಗಡಿಯಲ್ಲಿ ಮಾಲೀಕ ಇರಲಿಲ್ಲ, ಟೈಪು ಮಾಡಿದ ಹುಡುಗಿ ಇದ್ದಳು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನವಳು, ದಿನಾ ಬಸ್ಸಿನಲ್ಲಿ ಬಂದು ಹೋಗುವವಳು, ಮನೆಮಾತು ತಮಿಳು. ಕಾಣದ ನಂಬರು ಅದು ಹೇಗೆ ಟೈಪು ಮಾಡಿದೆ, ಕನಸು ಬಿದ್ದಿತ್ತಾ ಎಂದು ಬೈದೆ. ಅವಳ ಮುಖ ಸುಣ್ಣವಾಯಿತು.

"ನಂಬರ್ ಕಾಣ್ತಿಲ್ಲ ಅಂತ ಓನರಿಗೆ ಹೇಳ್ದೆ ಮೇಡಂ. ಖಾಲಿ ಬಿಟ್ರೆ ಕಾಲೇಜಿನವರು ಕೆಲಸ ವಾಪಸ್ ಕಳಿಸ್ತಾರೆ, ನಿನ್ನನ್ನೂ ಮನೆಗೆ ಕಳಿಸ್ತೀನಿ ಅಂದ್ರು. ಕಾಣಿಸಿದ್ದ ಕೊನೇ ನಂಬರಿನ ಮೂಲೆ ಹಿಡಿದು ಕೆಳಗೆ ಎಳೆದ್ಬಿಟ್ಟೆ. ಹೆದರಿಕೆ ಆಯ್ತು."

ಎಕ್ಸೆಲ್‌ನಲ್ಲಿ ಒಂದು ಚೌಕದ ಮನೆಯ ಮೂಲೆ ಹಿಡಿದು ಕೆಳಗೆಳೆದರೆ ಕೊನೆಯ ಅಂಕಿ ಒಂದೊಂದೇ ಹೆಚ್ಚುತ್ತ ಹೋಗಿ ಕಾಲಂ ತಾನೇ ತುಂಬಿಕೊಳ್ಳುತ್ತದೆ. ನೋಡುವವರಿಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಇನ್ನಷ್ಟು ಬೈಯಲು ಬಾಯಿ ತೆರೆದವಳು, ಭಾನುವಾರ ಭದ್ರಾವತಿಗೆ ಆ ಕಾರ್ಡುಗಳನ್ನು ಹುಡುಕಲು ಬರುತ್ತೇನೆ ಎಂದಷ್ಟೇ ಹೇಳಿದೆ. ಅವಳ ಹೆದರಿಕೆ ನನಗೆ ಚೆನ್ನಾಗಿ ಗೊತ್ತಿದ್ದದ್ದು.

ಭಾನುವಾರ ಭದ್ರಾವತಿಗೆ ಹೋದೆ. ಅವಳೇ ಬಸ್‌ಸ್ಟ್ಯಾಂಡಿಗೆ ಬಂದು ಕಾದಿದ್ದಳು. ಕರೆದಿರಲಿಲ್ಲ, ಬರುತ್ತೇನೆಂದು ಮಾತ್ರ ಹೇಳಿದ್ದೆ. ಗಾಳಿಯಲ್ಲಿ ಕಾಗದದ ಕಾರ್ಖಾನೆಯ ವಾಸನೆ ಬಂದಾಗ ನನಗೆ ಹೊಸ ಹೆದರಿಕೆ ಹುಟ್ಟಿತು, ಕಾರ್ಡುಗಳನ್ನು ರದ್ದಿಗೆ ಹಾಕಿದ್ದರೆ? ಹೈಸ್ಕೂಲಿನ ವಾಚ್‌ಮನ್ ಬಾಗಿಲು ತೆಗೆದು ತೋರಿಸಿದ. ಡ್ರಾಯರುಗಳಲ್ಲಿ ಸೀಮೆಸುಣ್ಣ, ಡಸ್ಟರು, ಬಟ್ಟೆಯ ಬ್ಯಾಡ್ಜುಗಳು. ಕಾರ್ಡುಗಳೆಲ್ಲಿ ಎಂದು ಕೇಳುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಮೂಲೆಯ ಗೋಣಿಚೀಲ ತೋರಿಸಿದ. ಹಿಂಬದಿ ಖಾಲಿ ಇದೆಯೆಂದು ಮೇಷ್ಟ್ರುಗಳು ಮಕ್ಕಳಿಗೆ ಲೆಕ್ಕ ಮಾಡಲು ಕೊಡುತ್ತಿದ್ದರಂತೆ, ಒಂದಷ್ಟು ಖರ್ಚಾಗಿತ್ತು.

ಇಬ್ಬರೂ ನೆಲದ ಮೇಲೆ ಚೀಲ ಸುರುವಿದೆವು. ಎಲ್ಲ ಡ್ರಾಯರಿನದೂ ಕಲಸಿಹೋಗಿತ್ತು. ಪ ಇಂದ ಮ ವರೆಗಿನವನ್ನು ಅವಳು ಆರಿಸಿ ಕೊಟ್ಟಳು, ಕನ್ನಡ ಮನೆಮಾತಲ್ಲದಿದ್ದರೂ ನನಗಿಂತ ಬೇಗ ಆರಿಸಿದಳು. ನಾನು ಪಟ್ಟಿಯ ಪ್ರಿಂಟಿನಲ್ಲಿ ಸುಳ್ಳು ನಂಬರಿಗೆ ಗೀಟು ಹಾಕಿ ಕಾರ್ಡಿನ ನಂಬರು ಬರೆದೆ. ಮಧ್ಯಾಹ್ನ ಅವಳ ಅಮ್ಮ ಡಬ್ಬಿಯಲ್ಲಿ ಪುಳಿಯೋಗರೆ ಕಳಿಸಿದರು. ಸಂಜೆಯ ಹೊತ್ತಿಗೆ ಬಹುಪಾಲು ಸಿಕ್ಕಿತು, ಉಳಿದವುಗಳ ಎರಡೂ ಕಾರ್ಡು ಮಕ್ಕಳ ಲೆಕ್ಕಕ್ಕೆ ಹೋಗಿದ್ದವು. ನಾಳೆ ಪಟ್ಟಿ ತಿದ್ದುವಾಗ ಸಿಗದವಕ್ಕೆ ಏನು ಬರೆಯಲಿ ಅಕ್ಕ ಎಂದು ಕೇಳಿದಳು. ಆ ದಿನದಿಂದ ಮೇಡಂ ಹೋಗಿ ಅಕ್ಕ ಆಗಿದ್ದೆ.

"ಕಾಣಿಸುತ್ತಿಲ್ಲ ಅಂತಲೇ ಬರಿ ಮಾರಾಯ್ತಿ," ಎಂದೆ.

ಸಮಿತಿ ಬರುವ ಹಿಂದಿನ ದಿನ ಪ್ರಿನ್ಸಿಪಾಲರು ಪಟ್ಟಿ ನೋಡಲು ಬಂದರು. ಮೌಸನ್ನು ಉರುಳಿಸುತ್ತ ಹೋದವರು ಒಂದು ಕಡೆ ನಿಂತರು. ನಂಬರಿನ ಕಾಲಂನಲ್ಲಿ ಕಾಣಿಸುತ್ತಿಲ್ಲ, ಇನ್ನು ನಾಲ್ಕು ಸಾಲು ಕೆಳಗೆ ಮತ್ತೆ ಕಾಣಿಸುತ್ತಿಲ್ಲ. ನಾನು ತೊದಲುತ್ತ ವಿವರಿಸಿದೆ. ಅವರಿಗೆ ವಿವರ ಬೇಕಿರಲಿಲ್ಲ.

"ಏನಾದ್ರೂ ಒಂದು ನಂಬರ್ ತುಂಬ್ರೀ. ಅಷ್ಟು ಪುಸ್ತಕದಲ್ಲಿ ಅವರು ಇದನ್ನೇ ಕೇಳ್ತಾರಾ? ಕೇಳಿದ್ರೆ ಯಾರೋ ಓದೋಕೆ ತಗೊಂಡು ಹೋಗಿದಾರೆ ಅನ್ನಿ."

ಅವರು ಹೋದ ಮೇಲೆ ಕೂತೆ. ಕಾಣಿಸುತ್ತಿಲ್ಲ ಎಂದಿದ್ದ ಮೊದಲ ಸಾಲಿನ ಮೇಲಿನ ಮನೆಗೆ ಮೌಸು ಒಯ್ದೆ. ಮೂಲೆಯಲ್ಲಿ ಬಾಣದ ಗುರುತು ಸಣ್ಣ ಕರಿ ಪ್ಲಸ್ ಆಯಿತು. ಒತ್ತಿ ಎಳೆದರೆ ಆಯಿತು, ಜೂನು ಉಳಿಯುತ್ತದೆ, ಒಲೆ ಉರಿಯುತ್ತದೆ. ಅದು ಕೆಟ್ಟ ಕೆಲಸ ಎಂದು ನನಗೆ ಅನ್ನಿಸಲಿಲ್ಲ, ಅನ್ನಿಸಿತೆಂದು ಈಗ ಸುಳ್ಳು ಹೇಳಿ ಏನು ಪ್ರಯೋಜನ. ಆದರೆ ಎಳೆದುಬಿಟ್ಟರೆ ಆ ಪುಸ್ತಕಗಳು ಎಲ್ಲಿವೆ ಅನ್ನುವುದು ಹಾಗಿರಲಿ, ಯಾವುವು ಕಳೆದಿವೆ ಅನ್ನುವುದೂ ಇನ್ನು ಯಾರಿಗೂ ತಿಳಿಯುವುದಿಲ್ಲ. ಆ ಹೆದರಿಕೆ ಪ್ರಿನ್ಸಿಪಾಲರ ಹೆದರಿಕೆಗಿಂತ ಒಂದು ಕೂದಲೆಳೆ ಹೆಚ್ಚಾಗಿತ್ತು, ಅಷ್ಟೆ. ಕಂಪ್ಯೂಟರು ಆರಿಸಿ ಮನೆಗೆ ಹೋದೆ. ಗಂಡ ಏನಾಯಿತೆಂದು ಕೇಳಿದರೆ ತಲೆನೋವು ಎಂದೆ.

ಮರುದಿನ ಸಮಿತಿಯಲ್ಲಿ ಮೂವರಿದ್ದರು. ಲೈಬ್ರರಿಗೆ ಬಂದವರು ಧಾರವಾಡದ ಕಡೆಯ ಒಬ್ಬ ಹಿರಿಯ ಪ್ರೊಫೆಸರು, ಅವರ ಬೆನ್ನಿಗೆ ನಮ್ಮ ಪ್ರಿನ್ಸಿಪಾಲರು. ಪ್ರೊಫೆಸರು ಕುರ್ಚಿ ಎಳೆದು ಕೂತು ಒಬ್ಬ ಲೇಖಕರ ಹೆಸರು ಹೇಳಿದರು. ಅದು ಬ ಅಕ್ಷರದ ಹೆಸರು. ಎರಡು ಸಲ ತಪ್ಪು ಹೊಡೆದೆ. ಮೂರು ಪುಸ್ತಕ ಬಂದವು. ಎರಡಕ್ಕೆ ನಂಬರಿತ್ತು. ಅವರ ಬೆರಳು ಮೂರನೆಯದರ ಮೇಲೆ ಹೋಗಿ ನಿಂತಿತು. ಪ್ರಿನ್ಸಿಪಾಲರು ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. ಯಾರೋ ಓದಲು ಒಯ್ದಿದ್ದಾರೆ ಎಂಬ ಮಾತು ಗಂಟಲಿನವರೆಗೆ ಬಂತು.

"ಸರ್, ಫೋಟೋದಲ್ಲಿ ಆ ನಂಬರಿನ ಮೇಲೆ ಬೆರಳು ಬಿದ್ದಿದೆ. ಪುಸ್ತಕ ಇಲ್ಲೇ ಇದೆ. ಯಾವ ಕಪಾಟು ಅಂತ ಗೊತ್ತಿಲ್ಲ," ಎಂದೆ. ನನ್ನ ದನಿ ನನಗೇ ಯಾರದೋ ಅನ್ನಿಸಿತು.

ಇಂಥವು ಎಷ್ಟಿವೆ ಎಂದು ಪ್ರೊಫೆಸರು ಕೇಳಿದರು. ಹುಡುಕುವ ಜಾಗದಲ್ಲಿ ಕಾಣಿಸುತ್ತಿಲ್ಲ ಎಂದು ಹೊಡೆದೆ. ಹೆಬ್ಬೆರಳಿನ ಕೆಳಗೆ ಹೋದ ಪುಸ್ತಕಗಳೆಲ್ಲ, ಹೆಸರು ಮತ್ತು ಲೇಖಕರ ಸಮೇತ, ಒಂದರ ಕೆಳಗೊಂದು ಬಂದು ನಿಂತವು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಕೊನೆಯವರೆಗೂ ಓದಿದರು.

"ನಮ್ಮ ಲೈಬ್ರರಿ ಪಟ್ಟಿಯೊಳಗ ಇಂಥಾದ್ದು ಒಂದು ಸಾಲೂ ಇಲ್ಲ ನೋಡವಾ," ಎಂದರು. "ಅದಕ್ಕ ನನಗ ಅದರ ಮ್ಯಾಲ ನಂಬಿಕಿ ಇಲ್ಲ."

ಪ್ರಿನ್ಸಿಪಾಲರು ಜೋರಾಗಿ ನಕ್ಕರು, ಇದೆಲ್ಲ ತಮ್ಮದೇ ಏರ್ಪಾಡು ಎಂಬಂತೆ. ಇಬ್ಬರೂ ಹೊರಟ ಮೇಲೆ ಕಪಾಟಿನ ಪಕ್ಕದ ಸ್ಟೂಲಿನ ಮೇಲೆ ಕೂತು ಅತ್ತೆ. ಅಟೆಂಡರು ನೀರು ತಂದುಕೊಟ್ಟು, ತಮ್ಮ ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತ ನಿಂತರು.

ಸಂಜೆ ಕಾಯಿನ್ ಬಾಕ್ಸಿನಿಂದ ಅಂಗಡಿಗೆ ಫೋನು ಮಾಡಿದೆ. ಹುಡುಗಿಯೇ ಎತ್ತಿದಳು. ಗೆದ್ದೆವು ಕಣೇ, ಬಚಾವಾದೆವು ಎಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

"ಎಳೆದಿದ್ದು ನಾನು ಅಂತ ಹೇಳಿದ್ರಾ ಅಕ್ಕ?" ಎಂದು ಮೆಲ್ಲಗೆ ಕೇಳಿದಳು.

ಇಲ್ಲ ಎಂದೆ. ಆ ಕಡೆಯಿಂದ ಅವಳು ಉಸಿರು ಬಿಟ್ಟದ್ದು ಕೇಳಿಸಿತು.