ಬೆಂಚಿನ ನಡುವಿನ ಜಾಗ

ಕಥೆ ಏಳು ಪುಟ. ನಾಟಕಕ್ಕೆ ಸಿಕ್ಕಿದ್ದು ಹತ್ತು ನಿಮಿಷ ಮತ್ತು ಐದು ಮಕ್ಕಳು. ಪರದೇಶದಲ್ಲಿರುವ ನಮ್ಮ ವಾರಾಂತ್ಯದ ಕನ್ನಡ ಶಾಲೆಯ ವಾರ್ಷಿಕೋತ್ಸವದಲ್ಲಿ ಹತ್ತು ನಿಮಿಷ ಮುಗಿದರೆ ಪರದೆ ಬೀಳುತ್ತದೆ, ಯಾರ ಮಗು ಮಾತಾಡುತ್ತಿದ್ದರೂ ಸರಿ. ಬೆಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಇಪ್ಪತ್ತು ವರ್ಷ ಬೇರೆಯವರ ವರದಿಗಳನ್ನು ಅಳತೆಗೆ ಇಳಿಸಿದವನು ನಾನು. ಹಾಗಾಗಿ ಕಥೆಯನ್ನು ನಾಟಕಕ್ಕೆ ಇಳಿಸುವ ಕೆಲಸ ನನಗೇ ಬಂತು.

ಕಥೆ ಬರೆದವರು ಇಲ್ಲಿನ ಆಂಗ್ ಮೋ ಕಿಯೋ ಬಡಾವಣೆಯಲ್ಲಿರುವ, ನಮ್ಮ ಶಾಲೆಯಲ್ಲೇ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವ ಟೀಚರ್. ತೀರಿಕೊಂಡ ಕಿರಿಮಗಳು ಪ್ರತಿ ಸಂಜೆ ಬ್ಲಾಕಿನ ಕೆಳಗೆ ಕಂಬಗಳ ನಡುವೆ ಖಾಲಿ ಬಿಟ್ಟಿರುವ ವಾಯ್ಡ್ ಡೆಕ್‌ಗೆ ಬರುತ್ತಾಳೆ, ಬೆಂಚಿನ ಮೇಲೆ ಅಪ್ಪ ಅಮ್ಮನ ನಡುವೆ ಕೂರುತ್ತಾಳೆ. ಅಮ್ಮನಿಗೆ ಮಾತ್ರ ಕಾಣುತ್ತಾಳೆ. ಒಂದು ಮಾತೂ ಆಡುವುದಿಲ್ಲ. ಅಷ್ಟೇ ಕಥೆ.

ಅನುಮತಿ ಕೇಳಲು ಫೋನ್ ಮಾಡಿದಾಗ ಟೀಚರ್ ಹೇಳಿದರು: "ಏನು ಬೇಕಾದ್ರೂ ಕತ್ತರಿಸಿ ಸರ್, ಅವಳೊಬ್ಬಳನ್ನ ಬಿಟ್ಟು. ಅವಳು ನನ್ನ ಮಗಳೇ."

ಕತ್ತರಿಸಿದೆ. ಮನೆ, ಆಸ್ಪತ್ರೆ, ಬೆಂಚು ಎಂದು ಮೂರು ಕಡೆ ನಡೆಯುವ ಕಥೆಯನ್ನು ಬೆಂಚಿಗೇ ತಂದೆ. ಆಸ್ಪತ್ರೆಯ ವಿಷಯ ಕಿರಿಮಗಳ ಅಕ್ಕನ ಪಾತ್ರದ ಎರಡು ಮಾತಿನಲ್ಲಿ ಬಂತು. ಡಾಕ್ಟರ್ ಪಾತ್ರ ಹೋಯಿತು. ಪಕ್ಕದ ಮನೆಯವನು ಮತ್ತು ಸೆಕ್ಯುರಿಟಿಯವನು, ಇಬ್ಬರ ಪಾತ್ರವೂ ಒಬ್ಬ ಹುಡುಗನಿಗೆ, ಒಂದು ಟೋಪಿಯ ವ್ಯತ್ಯಾಸದಲ್ಲಿ. 'ಅವಳಿಗೆ ಅನಿಸಿತು' ಎಂದು ಬರೆದಲ್ಲೆಲ್ಲ ಮಾಡಿ ತೋರಿಸಬಹುದಾದ ಕೆಲಸವೊಂದನ್ನು ಹುಡುಕಿದೆ. ಬಿಶಾನ್‌ನಲ್ಲಿರುವ ನಮ್ಮ ಬ್ಲಾಕಿನ ವಾಯ್ಡ್ ಡೆಕ್‌ನಲ್ಲೇ ರಿಹರ್ಸಲ್. ಐದು ಮಕ್ಕಳಿಂದ ಒಂಬತ್ತು ನಿಮಿಷ ಐವತ್ತು ಸೆಕೆಂಡ್.

ವಾರ್ಷಿಕೋತ್ಸವಕ್ಕೆ ಎರಡು ವಾರ ಇದ್ದಾಗ ಕಿರಿಮಗಳ ಪಾತ್ರದ ಹುಡುಗಿಯ ಅಪ್ಪನಿಗೆ ವರ್ಗವಾಗಿ ಕುಟುಂಬ ಊರು ಬಿಟ್ಟಿತು. ಬದಲಿಗೆ ಯಾರೂ ಸಿಗಲಿಲ್ಲ. ಮಾತಿಲ್ಲದ ಪಾತ್ರ, ತೆಗೆದರೆ ನಷ್ಟವಿಲ್ಲ ಅಂದುಕೊಂಡೆ. ಅಮ್ಮ ಅವಳನ್ನು ಕೇಳುವ "ಹಸಿವಾಯ್ತಾ, ಪುಟ್ಟಾ?" ಎಂಬುದನ್ನು "ಹಸಿವಾಯ್ತಾ, ರೀ?" ಎಂದು ತಿದ್ದಿ ಅಪ್ಪನ ಕಡೆ ತಿರುಗಿಸಿದೆ. "ಹ್ಞೂಂ" ಅಂತ ಅಪ್ಪನಿಗೊಂದು ಉತ್ತರವನ್ನೂ ಕೊಟ್ಟೆ. ಟೀಚರ್‌ಗೆ ತಿಳಿಸಲಿಲ್ಲ.

ಅವಳು ನಡೆದು ಬರುವುದು, ಕೂರುವುದು, ಎದ್ದು ಹೋಗುವುದು, ಇವಕ್ಕೆಲ್ಲ ಹಿಡಿಯುತ್ತಿದ್ದ ಸಮಯ ಉಳಿತಾಯವಾಗಬೇಕಿತ್ತು. ಅವಳಿಲ್ಲದೆ ಆಡಿಸಿ ಗಡಿಯಾರ ನೋಡಿದೆ. ಒಂಬತ್ತು ನಿಮಿಷ ಐವತ್ತು ಸೆಕೆಂಡ್. ಮತ್ತೆ ಮಾಡಿಸಿದೆ. ಅಷ್ಟೇ ಬಂತು.

ಆಮೇಲೆ ಬೆಂಚು ನೋಡಿದೆ. ಅಪ್ಪ ಅಮ್ಮನ ನಡುವೆ ಒಂದು ಮಗುವಿನಷ್ಟು ಜಾಗ. ಅವಳು ಬರುತ್ತಿದ್ದ ಹೊತ್ತಿಗೆ ನಾಲ್ವರೂ ಮಾತು ನಿಲ್ಲಿಸುತ್ತಿದ್ದರು, ಅವಳು ಕೂತಾಗುವಷ್ಟು ಹೊತ್ತು.

"ಹತ್ತಿರ ಕೂತ್ಕೊಳ್ರೋ."

"ಕೂತ್ಕೊಂಡಿದೀವಲ್ಲ ಅಂಕಲ್."

"ಇನ್ನೂ ಹತ್ತಿರ."

ಅಪ್ಪನ ಪಾತ್ರದ ಹುಡುಗ ಅಲುಗಲಿಲ್ಲ. ಮಾತಿನ ಕೊನೆಗೆ ಈ ಊರಿನ 'ಲಾ' ಸೇರಿಸಿ ಹೇಳಿದ: "ಅಲ್ಲಿ ಅವಳು ಕೂರ್ತಾಳೆ ಲಾ."

"ಅವಳು ಶಿಫ್ಟ್ ಆದಳಲ್ಲಪ್ಪ."

"ಗೊತ್ತು ಅಂಕಲ್," ಎಂದ. ಸರಿದು ಕೂತ. ಮುಂದಿನ ಸಲ ಜಾಗ ಮತ್ತೆ ಇತ್ತು.

ಕೊನೆಯ ರಿಹರ್ಸಲ್‌ಗೆ ಟೀಚರ್ ಹೇಳದೆ ಬಂದರು. ಕಂಬದ ಪಕ್ಕ ನಿಂತು ಪೂರ್ತಿ ನೋಡಿದರು.

"ಅವಳನ್ನ ತೆಗೆದಿದ್ದೀರಿ ಅಂತ ಯಾರೋ ಅಂದ್ರು. ಜಗಳ ಆಡೋಣ ಅಂತಲೇ ಬಂದೆ."

"ತೆಗೆದಿದ್ದೇನೆ ಮೇಡಂ. ಹೇಳಬೇಕಿತ್ತು. ತಪ್ಪಾಯ್ತು."

"ಮತ್ತೆ ಮಕ್ಕಳು ಜಾಗ ಬಿಟ್ಟಿರೋದು ಯಾರಿಗೆ?"

ನಾನು ಬೆಂಚಿನ ಕಡೆ ನೋಡಿದೆ. ಅವರೇ ಹೇಳಿದರು: "ಆ 'ರೀ' ತೆಗೀರಿ ಸರ್. 'ಪುಟ್ಟಾ' ವಾಪಸ್ ಹಾಕಿ. ಸಾಕು."

ಅಲ್ಲೇ ಪೆನ್ನಿನಲ್ಲಿ ತಿದ್ದಿದೆ. ಅಪ್ಪನ "ಹ್ಞೂಂ" ಹೊಡೆದು ಹಾಕಿದೆ.

"ಹಾಗಾದ್ರೆ ಆನ್ಸರ್ ಯಾರು ಮಾಡ್ತಾರೆ ಅಂಕಲ್?" ಎಂದ ಅಪ್ಪನ ಪಾತ್ರದ ಹುಡುಗ.

"ಯಾರೂ ಇಲ್ಲ. ನೀನು ಕೇಳಿಸದವನ ಹಾಗೆ ಕೂತಿರು."

ವಾರ್ಷಿಕೋತ್ಸವದ ದಿನ ನಾನು ರಂಗದ ಪಕ್ಕದ ಮರೆಯಲ್ಲಿ, ಸೈಡ್ ವಿಂಗ್‌ನಲ್ಲಿ, ಗಡಿಯಾರ ಹಿಡಿದು ನಿಂತಿದ್ದೆ. ಪಕ್ಕದಲ್ಲಿ ಪರದೆಯ ಹಗ್ಗ ಹಿಡಿದ ಸ್ವಯಂಸೇವಕ. ಕೊನೆಯ ಭಾಗದಲ್ಲಿ ಅಮ್ಮನ ಪಾತ್ರದ ಹುಡುಗಿ ಖಾಲಿ ಜಾಗದ ಕಡೆ ತಿರುಗಿ, "ಹಸಿವಾಯ್ತಾ, ಪುಟ್ಟಾ?" ಎಂದಳು. ನಾಲ್ವರೂ ಸುಮ್ಮನಿದ್ದರು. ರಿಹರ್ಸಲ್‌ನಲ್ಲಿ ಎಂದೂ ಇರದಷ್ಟು ಹೊತ್ತು.

"ಡೈಲಾಗ್ ಮರೆತುಬಿಟ್ರು ಸರ್. ಟೈಮೂ ಆಯ್ತು, ಎಳೀಲಾ?" ಎಂದ ಹಗ್ಗದವನು.

ಅವನ ಕೈ ಹಿಡಿದುಕೊಂಡೆ. ಗಡಿಯಾರ ಹತ್ತು ನಿಮಿಷ ದಾಟಿತ್ತು.

ವಿಂಗ್‌ನಿಂದ ಮುಂದಿನ ಸಾಲು ಕಾಣುತ್ತಿತ್ತು. ಟೀಚರ್ ತಮ್ಮ ಪಕ್ಕದ ಖಾಲಿ ಕುರ್ಚಿಯ ಮೇಲೆ ತಮ್ಮ ಬ್ಯಾಗ್ ಇಟ್ಟಿದ್ದರು. ಆ ಮೌನದಲ್ಲಿ, ರಂಗದಿಂದ ಕಣ್ಣು ತೆಗೆಯದೆ, ಬ್ಯಾಗನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಆ ಕುರ್ಚಿಯಲ್ಲಿ ಜಾಗ ಬಿಟ್ಟರು.

ಆಮೇಲೆ ಹಗ್ಗದವನ ಕೈ ಬಿಟ್ಟೆ.