ಸಾಧ್ಯವಾದಷ್ಟು

ವಿಶ್ವವಿದ್ಯಾಲಯದಲ್ಲಿ ಒಡಂಬಡಿಕೆಗಳ ಕರಡು ಬರೆಯುವ ಆ ಅಧಿಕಾರಿಯನ್ನು ಎಲ್ಲರೂ ಕರೆಯುತ್ತಿದ್ದದ್ದು 'ಅಲ್ಪವಿರಾಮ' ಎಂದೇ. ಮೂವತ್ತು ವರ್ಷದಲ್ಲಿ ಅವರು ಹಾಕಿದ ಅಲ್ಪವಿರಾಮಗಳನ್ನೆಲ್ಲ ಸಾಲಾಗಿ ನೆಟ್ಟಿದ್ದರೆ ಇಡೀ ಆವರಣಕ್ಕೆ ಮೂರು ಸುತ್ತು ಮುಳ್ಳುಬೇಲಿಯಾಗಿ, ಗೇಟಿಗೂ ಒಂದಷ್ಟು ಮಿಗುತ್ತಿತ್ತು. ಅಂಥ ಮನುಷ್ಯನನ್ನು ಒಂದೇ ಒಂದು ಪದ ದೆವ್ವದಂತೆ ಮೆಟ್ಟಿಕೊಂಡಿತ್ತು: 'ಸಾಧ್ಯವಾದಷ್ಟು'.

ಐದು ವರ್ಷದ ಹಿಂದೆ ದೂರದ ಇನ್ನೊಂದು ವಿಶ್ವವಿದ್ಯಾಲಯದ ಜೊತೆಗಿನ ಒಡಂಬಡಿಕೆಯಲ್ಲಿ ಅವರೇ ಬರೆದಿದ್ದರು: 'ಉಭಯ ಸಂಸ್ಥೆಗಳು ವಿದ್ಯಾರ್ಥಿಗಳಿಗೆ ಸಾಧ್ಯವಾದಷ್ಟು ನೆರವಾಗತಕ್ಕದ್ದು, ಯಾರು ಬೇಕಾದರೂ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು.' ಎರಡನೇ ವರ್ಷಕ್ಕೇ ಆ ಕಡೆಯವರು ಸರಿದರು. ಇಲ್ಲಿಂದ ಹೋಗಿ, ಅಲ್ಲಿ ಪ್ರಯೋಗವನ್ನು ಅರ್ಧಕ್ಕೆ ಬಿಟ್ಟು ಬರಬೇಕಾಗಿ ಬಂದ ಹುಡುಗಿಯೊಬ್ಬಳು ಇವರ ಮೇಜಿನ ಮುಂದೆ ನಿಂತು ಕೇಳಿದಳು, "ಸರ್, ನನ್ನ ಅಂಕಗಳು?"

ಇವರು ಕಡತ ಬಿಚ್ಚಿ ಹೇಳಿದರು, "ಸಾಧ್ಯವಾದಷ್ಟು ಅಂತಷ್ಟೇ ಇದೆಯಮ್ಮಾ."

ಅವಳು ಓದು ಬಿಟ್ಟಳು. ಇವರ ಕಿವಿಯನ್ನು ಮಾತ್ರ ಬಿಡಲಿಲ್ಲ. ಫ್ಯಾನು ತಿರುಗಿದರೂ 'ನನ್ನ ಅಂಕಗಳು', ಲಿಫ್ಟ್ ಬಾಗಿಲು ತೆರೆದರೂ 'ನನ್ನ ಅಂಕಗಳು'. ಮನೆಯಲ್ಲಿ ಹೆಂಡತಿ, "ಊಟಕ್ಕೆ ಬನ್ನಿ ಅಂದ್ರೆ ಎಷ್ಟು ದಿನದೊಳಗೆ ಅಂತ ಕೇಳ್ತೀರಲ್ಲ, ಏನಾಗಿದೆ ನಿಮಗೆ?" ಎಂದು ಗದರುತ್ತಿದ್ದರು.

ಈಗ ಅದೇ ಸಂಸ್ಥೆ ಮತ್ತೆ ಕೈ ಚಾಚಿತ್ತು. "ಹಳೇದಕ್ಕೇ ತಾರೀಖು ಬದಲಾಯಿಸಿ ಕೊಡಿ ಸ್ವಾಮಿ," ಎಂದರು ಕುಲಸಚಿವರು.

"ಇಲ್ಲ ಸರ್. ಹೊಸದಾಗೇ ಬರೀತೀನಿ."

ಬರೆದರು. ವರ್ಷಕ್ಕೆ ಎರಡೂ ಕಡೆಯಿಂದ ಐದೈದು ವಿದ್ಯಾರ್ಥಿಗಳು. ಪ್ರತಿಯೊಬ್ಬರಿಗೂ ಒಬ್ಬ ಮಾರ್ಗದರ್ಶಕರು. ಅವಧಿ ಮುಗಿದ ಮೂವತ್ತು ದಿನದೊಳಗೆ ಅಂಕಪಟ್ಟಿ. ಕೊನೆಯ ಸಹಿ ಬಿದ್ದ ದಿನದಿಂದ ಐದು ವರ್ಷ. ಆಮೇಲೆ ತಾನಾಗಿ ಮುಂದುವರಿಯುವಂತಿಲ್ಲ. ಒಪ್ಪಂದ ಬಿಡುವ ವಿಷಯಕ್ಕೆ ಬಂದಾಗ ಮಾತ್ರ ಭಯ ಅವರ ಕೈ ಹಿಡಿದು ಬರೆಸಿತು.

ವಿಡಿಯೊ ಸಭೆಯಲ್ಲಿ ಆ ಕಡೆಯ ಕರಡು ಅಧಿಕಾರಿ, ನರೆಗೂದಲಿನ ಹೆಂಗಸು, ಕನ್ನಡಕ ಏರಿಸಿ ಕೇಳಿದರು. "ನಾವು ಬಿಟ್ಟರೆ ಹನ್ನೆರಡು ತಿಂಗಳ ನೋಟಿಸು, ಓದ್ತಿರೋರಿಗೆ ಪೂರ್ತಿ ಮುಗಿಸೋ ಹಕ್ಕು. ನೀವು ಬಿಟ್ಟರೆ ಮೂವತ್ತೇ ದಿನ. ನಿಮ್ಮವರು ಮಕ್ಕಳು, ನಮ್ಮವರೇನು ಮೇಜು ಕುರ್ಚಿನಾ ಸರ್?"

"ಹೋದ ಸಲ ಬಿಟ್ಟು ಹೋದವರು ನೀವೇ ಅಲ್ವಾ?"

"ಹೌದು. ಆ ಪತ್ರ ಬರೆದವಳು ನಾನೇ. ಮೂರೇ ಸಾಲು. ಇವತ್ತಿಗೂ ಬಾಯಿಪಾಠ."

ಅಲ್ಪವಿರಾಮ ಒಂದು ಗಳಿಗೆ ಪೂರ್ಣವಿರಾಮವಾದರು. ಆಮೇಲೆ ತಿದ್ದಿದರು: 'ಯಾವುದೇ ಪಕ್ಷ ಆರು ತಿಂಗಳ ಲಿಖಿತ ನೋಟಿಸು ಕೊಟ್ಟು ಹಿಂದೆ ಸರಿಯಬಹುದು. ಅಷ್ಟರೊಳಗೆ ಸೇರಿರುವ ಎರಡೂ ಕಡೆಯ ವಿದ್ಯಾರ್ಥಿಗಳು ಇದೇ ಷರತ್ತುಗಳ ಮೇಲೆ ತಮ್ಮ ಅವಧಿ ಪೂರೈಸಲು ಹಕ್ಕುಳ್ಳವರು. ಅವರ ಅಂಕಗಳನ್ನು ಉಭಯ ಸಂಸ್ಥೆಗಳೂ ಮಾನ್ಯ ಮಾಡತಕ್ಕದ್ದು.'

"ಹಿಂದೆ ನಿಮ್ಮಲ್ಲಿಗೆ ಬಂದಿದ್ದವರನ್ನೂ ಸೇರಿಸಿದ್ರೆ... ಒಬ್ಬಳೇ ಒಬ್ಬಳು..." ಎಂದು ತೊದಲಿದರು.

ಆಕೆ ತಲೆ ತಗ್ಗಿಸಿದರು. "ಆಗ ಕೆಲಸ ಅರ್ಧಕ್ಕೇ ನಿಂತಿತ್ತಲ್ಲ ಸರ್. ಯಾವ ಅಂಕ ಅಂತ ಕೊಡೋದು?"

"ಜಾರಿಯ ದಿನ ಬರೀರಿ, ಮುಗಿಸೋಣ," ಎಂದರು ಪಕ್ಕದಲ್ಲಿ ಕೂತಿದ್ದ ಕುಲಸಚಿವರು.

ಅಲ್ಪವಿರಾಮ ಬೆರಳಚ್ಚಿಸಿದರು: 'ಸಹಿಯಾದ ದಿನದ ನಂತರ ಸೇರಿದವರಿಗೆ ಮಾತ್ರ.' ಅಷ್ಟು ಖಚಿತವಾದ ಪದವನ್ನು ಅವರು ಜನ್ಮದಲ್ಲೇ ಬರೆದಿರಲಿಲ್ಲ. ಆ 'ಮಾತ್ರ'ದ ಆಚೆ ಯಾರೋ ನಿಂತ ಹಾಗಾಯಿತು. ಅವರು ಪರದೆಯಿಂದ ತಲೆ ಎತ್ತಲಿಲ್ಲ.