ಸತ್ಯಭಾಮಾಳ ನಾಲ್ಕು ಚಕ್ಕುಲಿ

ಸತ್ಯಭಾಮಾಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸಲೀಸು. ತ್ಯಾಗರಾಜನಗರದ ನಮ್ಮ ರಸ್ತೆಯಲ್ಲಿ ಎರಡು ಕಾಂಡಿಮೆಂಟ್ಸ್ ಅಂಗಡಿಗಳಿವೆ. ಒಂದು ನನ್ನದು, ಎದುರಿನದು ಅವಳದು. ಇಬ್ಬರೂ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾರುತ್ತೇವೆ. ಅಂಗಡಿ ನನ್ನದು ಹಳೆಯದು. ಚಕ್ಕುಲಿಯೂ ನನ್ನದೇ ಗರಿಗರಿ. ಇದನ್ನು ಅವಳ ಗಂಡ ಮಾಧವನೇ ಒಂದು ಸಲ ಬಾಯಿ ತಪ್ಪಿ ಒಪ್ಪಿಕೊಂಡಿದ್ದಾನೆ. ಆದರೂ ಸಂಜೆಯಾದರೆ ಜನ ಗುಂಪುಗೂಡುವುದು ಅವಳ ಅಂಗಡಿಯ ಮುಂದೆ.

ಅವಳು ಹನುಮಂತನಗರದ ಹುಡುಗಿ. ಮದುವೆಯಾಗಿ ಈ ರಸ್ತೆಗೆ ಬಂದಾಗ ಎಣ್ಣೆ ಕಾದಿದೆಯೋ ಇಲ್ಲವೋ ಎಂದು ನೋಡುವುದಕ್ಕೂ ಬರುತ್ತಿರಲಿಲ್ಲ. ಮಾಧವ ಕೆಲಸಕ್ಕಿದ್ದ ಪ್ರಿಂಟಿಂಗ್ ಪ್ರೆಸ್ ಮುಚ್ಚಿಹೋದ ಮೇಲೆ ಮನೆ ಮುಂದಿನ ಗ್ಯಾರೇಜಿನಲ್ಲಿ ಒಲೆ ಹೂಡಿ ಬಾಣಲೆ ಇಟ್ಟಳು. ಮೊದಮೊದಲು ಅವಳ ಚಕ್ಕುಲಿ ಎಣ್ಣೆಗೆ ಬಿಟ್ಟ ಕೂಡಲೇ ಬಿಚ್ಚಿಕೊಂಡು ಪುಡಿಪುಡಿಯಾಗುತ್ತಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಹತ್ತಿರ ಬಂದಳು. ಹಿಟ್ಟಿಗೆ ಬೆಣ್ಣೆ ಜಾಸ್ತಿ ಬಿದ್ದರೆ ಹಾಗಾಗುತ್ತದೆ, ಕಡಿಮೆ ಮಾಡು ಎಂದು ಹೇಳಿಕೊಟ್ಟವಳು ನಾನೇ. ಎಂಥ ದಡ್ಡಿ ನಾನು.

ಅವಳ ಬಂಡವಾಳ ಕೈಯಲ್ಲಿಲ್ಲ, ಬಾಯಲ್ಲಿದೆ. ಬಂದವರ ಮೊಮ್ಮಗುವಿಗೆ ಹಲ್ಲು ಬಂತೇ, ಮಂಡಿನೋವು ಹೇಗಿದೆ, ಮಗಳು ಪರೀಕ್ಷೆ ಚೆನ್ನಾಗಿ ಬರೆದಳೇ, ಎಲ್ಲವೂ ಅವಳಿಗೆ ಬೇಕು, ಎಲ್ಲವೂ ನೆನಪಿರುತ್ತದೆ. ಮುಡಿಗೆ ದಿನಾ ಒಂದು ಮೊಳ ಮಲ್ಲಿಗೆ. ಬಾಣಲೆಯ ಮುಂದೆ ನಿಂತೂ ಅವಳ ಮುಖ ಈಗತಾನೇ ತೊಳೆದುಕೊಂಡ ಹಾಗಿರುತ್ತದೆ. ನಾನು ಸಂಜೆಯ ಹೊತ್ತಿಗೆ ಎಣ್ಣೆಯಲ್ಲಿ ಮುಳುಗಿ ಎದ್ದವಳಂತೆ ಕಾಣುತ್ತೇನೆ. ನನಗೂ ಜನರನ್ನು ಮಾತಾಡಿಸಬೇಕೆಂದಿದೆ, ಆದರೆ ಚಿಲ್ಲರೆ ಕೊಡುವುದರಲ್ಲಿ ಮರೆತುಹೋಗುತ್ತದೆ.

ಹೋದ ವರ್ಷ ಎಣ್ಣೆ ಟಿನ್ನಿನ ಬೆಲೆ ಏರತೊಡಗಿತು. ಇಳಿಯುತ್ತದೆ, ಇಳಿಯುತ್ತದೆ ಎಂದು ಕಾದೆವು. ಇಳಿಯಲಿಲ್ಲ. ಜೊತೆಗೆ ಬೆಣ್ಣೆ, ಗ್ಯಾಸು. ಆಗ ನಮ್ಮಿಬ್ಬರ ಪ್ಯಾಕೆಟ್ಟೂ ಒಂದೇ ಥರ. ಅಂಗೈ ಅಗಲದ ಐದು ಚಕ್ಕುಲಿ, ಇನ್ನೂರು ಗ್ರಾಂ, ಅರವತ್ತು ರೂಪಾಯಿ. ಆ ಬೆಲೆಗೆ ಮಾರಿದರೆ ನಮಗೆ ಉಳಿಯುವುದು ಬೆವರು ಮಾತ್ರ ಎನ್ನುವ ಹಂತಕ್ಕೆ ಬಂತು. ನನ್ನ ಗಂಡ ವಿಷ್ಣು ಹಿಟ್ಟು ನಾದುತ್ತಾ ಉಪಾಯ ಹೇಳಿದರು.

"ಅರ್ಧ ಸುತ್ತು ಕಡಿಮೆ ಒತ್ತಿಬಿಡು. ಮೂರು ಸುತ್ತಿನ ಬದ್ಲು ಎರಡೂವರೆ. ಯಾರಿಗೆ ಗೊತ್ತಾಗತ್ತೆ?"

"ಕೈಗೆ ತಗೊಂಡ್ರೆ ಗೊತ್ತಾಗತ್ತೆ ರೀ. ಮಗು ಬಳೆ ಥರ ಇರತ್ತೆ."

"ಹಾಗಾದ್ರೆ ಒಂದು ತೆಗೆದುಬಿಡು. ನಾಲ್ಕು ಹಾಕು."

"ನಾಲ್ಕಾ? ತಾಂಬೂಲಕ್ಕೆ ಅಂತ ತಗೊಂಡ್ ಹೋಗ್ತಾರೆ ಜನ. ಸಮಸಂಖ್ಯೆ ಕೊಡೋದಾ ಮುತ್ತೈದೆಯರಿಗೆ?"

ನಮ್ಮ ಕಡೆ ಶುಭಕಾರ್ಯಕ್ಕೆ ಕೊಡುವುದೇನಿದ್ದರೂ ಐದು, ಏಳು, ಒಂಬತ್ತು, ಹೀಗೆ ಬೆಸಸಂಖ್ಯೆ. ಹಿಂದೆ ನನ್ನ ಅತ್ತೆ ಪ್ಯಾಕೆಟ್ಟಿಗೆ ಐದು ಎಂದು ಗೊತ್ತುಮಾಡಿದ್ದೂ ಅದಕ್ಕೇ. ನಾನು ಕದ್ದುಮುಚ್ಚಿ ಮಾಡುವವಳಲ್ಲ. ಒಂದು ಬಿಳಿ ಹಾಳೆಯ ಮೇಲೆ "ಚಕ್ಕುಲಿ ಎಪ್ಪತ್ತು ರೂಪಾಯಿ" ಎಂದು ದಪ್ಪಕ್ಷರದಲ್ಲಿ ಬರೆದು ಗಾಜಿಗೆ ಅಂಟಿಸಿದೆ.

ಆ ಹಾಳೆ ನನ್ನ ವ್ಯಾಪಾರಕ್ಕೆ ಬೀಗ ಹಾಕಿತು. "ಏನ್ ಆಂಟಿ, ಒಂದೇ ಸಲ ಹತ್ತು ರೂಪಾಯಾ?" ಎಂದು ಒಬ್ಬಳು. "ನೋಡ್ಕೊಂಡ್ ಬರ್ತೀನಿ" ಎಂದು ಇನ್ನೊಬ್ಬರು. ನೋಡಿಕೊಂಡು ಬರಲು ಹೋದವರು ಎದುರಿನ ಅಂಗಡಿಗೆ ಹೋದರು, ಬರಲಿಲ್ಲ. ಅಲ್ಲಿ ಇನ್ನೂ ಅರವತ್ತೇ. ಕೊನೆಗೆ ಅನಂತಪದ್ಮನಾಭ ರಾಯರೂ ಹೋದರು. ಅವರು ಬ್ಯಾಂಕಿನಿಂದ ನಿವೃತ್ತರಾದವರು. ನನ್ನ ಅತ್ತೆಯ ಕಾಲದಿಂದ ಶನಿವಾರ ಸಂಜೆಯ ಕಾಫಿಗೆ ನಮ್ಮದೇ ಚಕ್ಕುಲಿ. ನಮ್ಮ ರಸ್ತೆಯಲ್ಲಿ ಅವರು ಕೊಂಡ ಅಂಗಡಿಯಲ್ಲೇ ಉಳಿದವರೂ ಕೊಳ್ಳುತ್ತಾರೆ. ಅವರು ನನ್ನ ಅಂಗಡಿಯ ಮುಂದೆಯೇ ಸತ್ಯಭಾಮಾಳ ಕವರು ಹಿಡಿದುಕೊಂಡು ನಡೆದು ಹೋದರು. ನನ್ನನ್ನು ನೋಡಿ ನಮಸ್ಕಾರ ಬೇರೆ ಮಾಡಿದರು.

ಇವಳಿಗೆ ಮಾತ್ರ ಎಣ್ಣೆ ಯಾವ ಗಾಣದಿಂದ ಧರ್ಮಕ್ಕೆ ಬರುತ್ತಿದೆ ಎಂದು ತಲೆ ಕೆಟ್ಟಿತು. ಹೂವಿನ ಯಲ್ಲಮ್ಮನ ಕೈಲಿ ಅಲ್ಲಿಂದ ಒಂದು ಪ್ಯಾಕೆಟ್ ತರಿಸಿದೆ. ಮೊದಲೆಲ್ಲ ಅವಳೂ ನನ್ನ ಹಾಗೆ ಚಕ್ಕುಲಿಗಳನ್ನು ಒಂದರ ಮೇಲೊಂದು ಪೇರಿಸಿ ಉದ್ದನೆಯ ಕವರಿಗೆ ಹಾಕುತ್ತಿದ್ದಳು. ಈಗ ಅಗಲದ ಕವರಿನಲ್ಲಿ ಎರಡೆರಡು ಅಕ್ಕಪಕ್ಕ ಮಲಗಿಸಿದ್ದಾಳೆ. ನೋಡಿದರೆ ಪ್ಯಾಕೆಟ್ ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ. ಬಿಚ್ಚಿ ಎಣಿಸಿದೆ. ನಾಲ್ಕು. ಹಿಂದೆ ಅಂಟಿಸಿದ ಚೀಟಿಯಲ್ಲಿ ನೂರ ಅರವತ್ತು ಗ್ರಾಂ ಎಂದು ಸರಿಯಾಗಿಯೇ ಬರೆದಿದ್ದಳು. ಸುಳ್ಳೇನಿಲ್ಲ. ಆದರೆ ಚಕ್ಕುಲಿ ಕೊಳ್ಳುವಾಗ ಯಾರು ಚೀಟಿ ಓದುತ್ತಾರೆ?

ಲೆಕ್ಕ ಹಾಕಿದೆ. ನನ್ನ ಚಕ್ಕುಲಿ ಒಂದಕ್ಕೆ ಹದಿನಾಲ್ಕು ರೂಪಾಯಿ, ಅವಳದು ಹದಿನೈದು. ಬೆಲೆ ಏರಿಸಿದವಳು ನಾನು, ದುಬಾರಿ ಅವಳು. ಈ ಮಾತನ್ನು ಬಂದವರಿಗೆಲ್ಲ ಹೇಳಿದೆ. ಅವರು ಒಂದು ಥರಾ ನಕ್ಕರು. ಸುಧಾಮಣಿ ಎನ್ನುವ ಹುಡುಗಿ, ಪಕ್ಕದ ಬ್ಯೂಟಿ ಪಾರ್ಲರಿನವಳು, ಮುಖಕ್ಕೇ ಹೇಳಿದಳು.

"ಬಿಡಿ ಆಂಟಿ, ಅವ್ರನ್ನ ಕಂಡ್ರೆ ನಿಮಗಾಗಲ್ಲ ಅಂತ ಇಡೀ ರೋಡಿಗೇ ಗೊತ್ತು."

ಅದು ನಿಜವೇ. ಆದರೆ ಹೊಟ್ಟೆಕಿಚ್ಚಿರುವವಳಿಗೆ ಲೆಕ್ಕ ಬರಬಾರದು ಅಂತಿದೆಯೇ?

ರಾಯರ ಸೊಸೆ ಸುರಭಿಯ ಸೀಮಂತಕ್ಕೆ ದಿನ ಗೊತ್ತಾಯಿತು. ಬಂದ ಮುತ್ತೈದೆಯರಿಗೆಲ್ಲ ತಾಂಬೂಲದ ಜೊತೆ ಒಂದೊಂದು ಪ್ಯಾಕೆಟ್ ಚಕ್ಕುಲಿ. ರಾಯರ ಮನೆಯ ಸಮಾರಂಭಗಳಿಗೆ ತಿಂಡಿ ಕೊಡುತ್ತಿದ್ದದ್ದು ಯಾವಾಗಲೂ ನಾವೇ. ಆ ಆರ್ಡರ್ ಬಂದರೆ ಮಿಕ್ಕವರೂ ತಿರುಗಿ ಬರುತ್ತಾರೆ ಎಂದು ನಾನು ಆಸೆ ಇಟ್ಟುಕೊಂಡಿದ್ದೆ. ರಾಯರು ಅದನ್ನೂ ಸತ್ಯಭಾಮಾಳಿಗೆ ಕೊಟ್ಟರು. ನನಗೆ ಕೊಟ್ಟಿದ್ದು ಕರೆಯೋಲೆ.

ಹೋಗಬಾರದು ಎಂದುಕೊಂಡೆ. ಆಮೇಲೆ ರೇಷ್ಮೆ ಸೀರೆ ಉಟ್ಟುಕೊಂಡು ಹೋದೆ. ಸತ್ಯಭಾಮಾ ಆಗಲೇ ಬಂದು ಸುರಭಿಯ ಪಕ್ಕದಲ್ಲಿ ಕೂತು ಬಳೆ ತೊಡಿಸುವವರಿಗೆ ಕೈಜೋಡಿಸುತ್ತಿದ್ದಳು, ತವರಿನ ಕಡೆಯವಳೇನೋ ಎನ್ನುವ ಹಾಗೆ. ಆರತಿಯಾಯಿತು, ಹಾಡಾಯಿತು, ತಾಂಬೂಲ ಕೊಟ್ಟರು. ನನ್ನ ಪಕ್ಕದಲ್ಲಿ ಕೂತಿದ್ದವರು ರಾಯರ ಅಕ್ಕ ಸೀತಮ್ಮ. ವಯಸ್ಸಾಗಿದೆ, ಕಿವಿ ಮಂದ, ಹಾಗಾಗಿ ಮಾತು ಬಲು ಜೋರು. ನಾನು ನನ್ನ ಪ್ಯಾಕೆಟ್ಟನ್ನು ಅವರ ಕೈಗಿಟ್ಟೆ.

"ಸೀತಮ್ಮನೋರೇ, ಕನ್ನಡಕ ತಂದಿಲ್ಲ. ಇದರಲ್ಲಿ ಎಷ್ಟಿವೆ ನೋಡಿ."

ಬೇಕೆಂದೇ ಮಾಡಿದೆ. ಚೂರೂ ಬೇಸರವಿಲ್ಲ.

ಅವರು ಕವರಿನ ಮೇಲೆ ಬೆರಳಿಟ್ಟು ಎಣಿಸಿದರು. ಇನ್ನೊಮ್ಮೆ ಎಣಿಸಿದರು. ತಮ್ಮದನ್ನೂ ಎಣಿಸಿದರು. "ಏನೋ ಅನಂತು, ನಾಲ್ಕ್ ನಾಲ್ಕ್ ಹಾಕಿಸಿದೀಯಲ್ಲೋ. ಬಸುರಿ ಮನೇಲಿ ಸಮಸಂಖ್ಯೆ ಕೊಡ್ತಾರೇನೋ?"

ಎಲ್ಲ ಕಡೆಯಿಂದ ಕವರುಗಳ ಸರಪರ ಸದ್ದು. ಎಲ್ಲರೂ ಎಣಿಸುತ್ತಿದ್ದರು. "ಯಾವಾಗಿಂದ ನಾಲ್ಕು? ನಾನು ಪ್ರತಿ ವಾರ ತಗೋತೀನಲ್ಲ" ಎಂದು ಒಬ್ಬರು. "ನಮಗೆ ಹೇಳ್ಲೇ ಇಲ್ಲ ನೋಡಿ" ಎಂದು ಇನ್ನೊಬ್ಬರು. ರಾಯರ ಮುಖ ಕೆಂಪಾಗಿತ್ತು. ನನಗೆ ಆ ಕ್ಷಣ ಹೋಳಿಗೆಗೆ ತುಪ್ಪ ಸುರಿದಷ್ಟು ಹಿತವಾಯಿತು. ಮುಗಿಯಿತು ಇವಳ ಕಥೆ, ನಾಳೆಯಿಂದ ನನ್ನ ಗಾಜಿನ ಮುಂದೆ ಸಾಲು ಎಂದುಕೊಂಡೆ.

ಸತ್ಯಭಾಮಾ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ತಪ್ಪು ನಂದೇ. ಎಣ್ಣೆ ರೇಟ್ ಜಾಸ್ತಿ ಆಯ್ತು, ನಿಮ್ಮನ್ನ ಹತ್ತು ರೂಪಾಯಿ ಜಾಸ್ತಿ ಕೇಳೋಕೆ ನಂಗೆ ಬಾಯಿ ಬರ್ಲಿಲ್ಲ. ಅದಕ್ಕೆ ಒಂದು ತೆಗೆದೆ. ಹೇಳ್ಬೇಕಿತ್ತು. ತಾಂಬೂಲದ್ದು ಅನ್ನೋದು ತಲೇಗೇ ಹೋಗ್ಲಿಲ್ಲ. ಯಾರೂ ಏಳಬೇಡಿ, ಈಗ ಬಂದೆ."

ಅಂಗಡಿಗೆ ಓಡಿದಳು. ಸ್ಟೀಲ್ ಡಬ್ಬ ತುಂಬ ಚಕ್ಕುಲಿ ತಂದು ಒಬ್ಬೊಬ್ಬರ ಮುಂದೆಯೂ ಬಗ್ಗಿ ಒಂದೊಂದು ಕೊಟ್ಟಳು. ಸೀತಮ್ಮನವರ ಕಾಲಿಗೆ ನಮಸ್ಕಾರ ಮಾಡಿದಳು. ನನ್ನ ಮುಂದೆ ಬಂದಾಗ ನನ್ನ ಕಣ್ಣನ್ನೇ ನೋಡಿ, "ತಗೊಳ್ಳಿ ಚೂಡಾಮಣಿ ಅಕ್ಕ, ನಿಮ್ಮ ಐದನೇದು" ಎಂದಳು. ತೆಗೆದುಕೊಂಡೆ. ಇನ್ನೇನು ಮಾಡಲಿ?

ಎರಡು ದಿನ ಅವಳ ಅಂಗಡಿ ಮುಂದೆ ಜನ ಕಡಿಮೆಯಿದ್ದರು. ನನ್ನ ಕಡೆಯೂ ಮೂರು ನಾಲ್ಕು ಹಳೆಯ ಮುಖಗಳು ಬಂದವು. ನಾನು ಒಂದು ಬಾಣಲೆ ಜಾಸ್ತಿಯೇ ಕರಿದೆ. ಮೂರನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಅವಳ ಅಂಗಡಿಗೆ ಬಣ್ಣದ ಬೋರ್ಡು. ಪ್ರೆಸ್ಸಿನಲ್ಲಿದ್ದವನಲ್ಲವೇ ಮಾಧವ, ಅಕ್ಷರಗಳು ಮುದ್ದಾಗಿದ್ದವು. "ಇನ್ನು ಮುಂದೆ ಪ್ಯಾಕೆಟ್ಟಿಗೆ ಪೂರ್ತಿ ಐದು ಚಕ್ಕುಲಿ. ಇನ್ನೂರು ಗ್ರಾಂ. ಎಪ್ಪತ್ತು ರೂಪಾಯಿ."

ಎಪ್ಪತ್ತು. ನಾನು ಕೇಳಿದ್ದೂ ಅದನ್ನೇ. ನಾನು ಕೇಳಿದಾಗ ದರೋಡೆಯಾಗಿದ್ದ ಎಪ್ಪತ್ತು ಅವಳು ಕೇಳಿದಾಗ ಪ್ರಾಮಾಣಿಕತೆಯಾಯಿತು. "ಪಾಪ, ತಪ್ಪು ಒಪ್ಕೊಂಡು ಒಂದು ಚಕ್ಕುಲಿ ಜಾಸ್ತಿ ಮಾಡಿದಾರೆ" ಎಂದು ಸುಧಾಮಣಿ ನನ್ನ ಅಂಗಡಿಯ ಮುಂದೆಯೇ ನಿಂತು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು. ಕಸಿದುಕೊಂಡಿದ್ದನ್ನು ವಾಪಸ್ಸು ಕೊಟ್ಟರೆ ಉಡುಗೊರೆ. ಮೊದಲಿನಿಂದಲೂ ಕೊಡುತ್ತಾ ಬಂದರೆ ಏನೂ ಇಲ್ಲ. ಸಂಜೆಗೆ ಅವಳ ಮುಂದೆ ಮತ್ತೆ ಗುಂಪು. ವಿಷ್ಣು ಹಿಟ್ಟಿನ ಪಾತ್ರೆ ತೊಳೆದಿಟ್ಟರು.

ಶನಿವಾರ ರಾಯರು ಬಂದರು. ನನ್ನ ಅಂಗಡಿಗೇ. ಸುಳ್ಳೇಕೆ, ಖುಷಿಯಾಯಿತು. ಎದುರಿಗೆ ತುಂಬ ಜನವಿದ್ದರು, ಅದಕ್ಕೇ ಈ ಕಡೆ ಬಂದಿದ್ದರು ಎಂದು ಆಮೇಲೆ ತಿಳಿಯಿತು. ಒಂದು ಪ್ಯಾಕೆಟ್ ಕೈಗೆತ್ತಿಕೊಂಡು, ಸೀಮಂತದ ಪಾಠ ಮರೆಯದೆ, ಬೆರಳಿಟ್ಟು ಎಣಿಸಿದರು. ಗಾಜಿಗೆ ಅಂಟಿಸಿದ ನನ್ನ ಹಾಳೆಯನ್ನೂ ಓದಿದರು. ಅದು ಬಿಸಿಲಿಗೆ ಹಳದಿಯಾಗಿತ್ತು.

"ಐದು, ಎಪ್ಪತ್ತು ರೂಪಾಯಿ. ಒಳ್ಳೇದು" ಎಂದು ನಕ್ಕರು. "ಸತ್ಯಭಾಮಾನ ನೋಡಿ ನೀವೂ ಮಾಡಿದ್ರಾ?"